ಉಪ್ಪಿನ ಸಂಖ್ಯೆ 75: ಥಾಣೆ ಖಾಡಿಯ ಆಗರದಿಂದ ಕುಲ್ಫಿಯ ಡಬ್ಬದವರೆಗೆ

ವಿಡಿಯೊ ನೋಡೋಕೆ ಟೈಮ್ ಇಲ್ಲದವರು ಲೋಕಲ್‌ನಲ್ಲಿ ನಿಂತುಕೊಂಡೇ ಓದಲಿ ಅಂತ ಮಾತನ್ನ ಬರಹಕ್ಕೆ ಇಳಿಸಿದ್ದೇವೆ. ಲೆಕ್ಕ ಬರುವ ಕಡೆ ಮಾತ್ರ ಸ್ವಲ್ಪ ನಿಧಾನ ಮಾಡಿ.

ಡೊಂಬಿವಲಿ, ಕಲ್ಯಾಣ್ ಕಡೆಯಿಂದ ಐರೋಲಿಗೆ ಕೆಲಸಕ್ಕೆ ಹೋಗೋರು, ಥಾಣೆಯಿಂದ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಹಿಡಿಯೋರು ಮುಲುಂಡ್, ಭಾಂಡುಪ್ ಹತ್ತಿರ ಚೌಕ ಚೌಕವಾದ ತಗ್ಗು ನೆಲ ನೋಡಿರ್ತೀರಿ. ಮಳೆಗಾಲದಲ್ಲಿ ಕೆರೆ ಥರ, ಬೇಸಿಗೆಯಲ್ಲಿ ಬೂದು ಬಣ್ಣ. ಅದು ಮಿಠಾಗರ, ಅಂದ್ರೆ ಉಪ್ಪಿನ ಆಗರ. ಈಗ ಎಷ್ಟೋ ಪಾಳು ಬಿದ್ದಿವೆ. ಆ ಕಡೆ ಉರಣದಲ್ಲೂ ಆಗರಗಳಿವೆ. ನಮ್ಮ ಉತ್ತರ ಕನ್ನಡದವರಿಗೆ ಇದು ಹೊಸದಲ್ಲ. ಗೋಕರ್ಣದ ಹತ್ತಿರ, ಅಘನಾಶಿನಿ ಅಳಿವೆಯ ದಡದ ಸಾಣಿಕಟ್ಟಾದಲ್ಲಿ ಇದೇ ಕೆಲಸ ನಡೆಯುತ್ತೆ.

ನಾನು ಓದಿದ್ದು ಕೆಮಿಕಲ್ ಇಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರ್. ಕಾರ್ಖಾನೆಗಳ ಇವಾಪೊರೇಟರ್‌ಗಳ ಲೆಕ್ಕ ಮಾಡುವ ಪ್ರೋಗ್ರಾಂ ಬರೆಯೋದು. ಅಂಥ ಪ್ರೋಗ್ರಾಂನಲ್ಲಿ ಇರುವ ಒಂದು ಮುಖ್ಯ ವಿಷಯ ಆಗರದಲ್ಲಿ ಬರಿಗಣ್ಣಿಗೆ ಕಾಣುತ್ತೆ. ಅದಕ್ಕೇ ಇವತ್ತಿನ ಪ್ರಶ್ನೆ ಇದು: ಸಮುದ್ರದ ನೀರು ಮೊದಮೊದಲು ಚುರುಕಾಗಿ ಆರುತ್ತೆ. ಉಪ್ಪು ಗಟ್ಟಿಯಾದಷ್ಟೂ ಆರೋದು ನಿಧಾನ ಆಗುತ್ತೆ. ಕೊನೆಗೆ ಉಳಿಯುವ ನೀರು, ಎಷ್ಟೇ ಬಿಸಿಲಿದ್ದರೂ, ಆರೋದೇ ಇಲ್ಲ. ಯಾಕೆ?

ಆಗರದಲ್ಲಿ ನಡೆಯೋದು ಏನು

ಭರತದ ಹೊತ್ತಲ್ಲಿ ಖಾಡಿಯ ನೀರನ್ನ ದೊಡ್ಡ ಕೊಳಕ್ಕೆ ಬಿಟ್ಟುಕೊಳ್ತಾರೆ. ಅಲ್ಲಿಂದ ಒಂದೊಂದೇ ಮಡಿಗೆ ದಾಟಿಸ್ತಾ ಹೋಗ್ತಾರೆ. ಪ್ರತಿ ಮಡಿಯಲ್ಲೂ ನೀರು ಆರುತ್ತೆ, ಉಳಿದದ್ದು ಗಟ್ಟಿಯಾಗುತ್ತೆ. ಎಷ್ಟು ಗಟ್ಟಿ ಅಂತ ಅಳೆಯೋಕೆ ಒಂದು ಗಾಜಿನ ತೇಲುಕಡ್ಡಿ ಇದೆ. ಅದರ ಅಳತೆಗೆ ಬೋಮೆ ಡಿಗ್ರಿ ಅಂತಾರೆ. ಸಮುದ್ರದ ನೀರು ಸುಮಾರು 3 ಡಿಗ್ರಿ. ಉಪ್ಪಿನ ಹರಳು ಕೂರಲು ಶುರುವಾಗೋದು 25 ಡಿಗ್ರಿ ದಾಟಿದ ಮೇಲೆ. ಅಷ್ಟೊತ್ತಿಗೆ ಮೊದಲಿದ್ದ ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತೆ. ಅಂದ್ರೆ ಒಂಬತ್ತು ಪಾಲು ನೀರು ಹೋಗುವ ತನಕ ಒಂದು ಕಾಳು ಉಪ್ಪೂ ಇಲ್ಲ!

ಹರಳು ಕೂತ ಮೇಲೂ ಪೂರ್ತಿ ಒಣಗೋ ತನಕ ಕಾಯೋದಿಲ್ಲ. 29, 30 ಡಿಗ್ರಿ ಮುಟ್ಟುತ್ತಿದ್ದಂತೆ ಉಳಿದ ನೀರನ್ನ ಹೊರಗೆ ಬಿಟ್ಟುಬಿಡ್ತಾರೆ. ಇದು ನಾಲಿಗೆಗೆ ಕಹಿ, ಕೈಗೆ ಜಿಡ್ಡು. ಇಂಗ್ಲಿಷಿನಲ್ಲಿ ಬಿಟರ್ನ್ ಅಂತಾರೆ, ನಾವು ಕಹಿನೀರು ಅನ್ನೋಣ. ಇದನ್ನ ಯಾವಾಗ ಬಿಡಬೇಕು ಅನ್ನೋದರ ಮೇಲೆ ಆ ಬೆಳೆಯ ಬೆಲೆ ನಿಂತಿದೆ. ತಡ ಮಾಡಿದರೆ ಉಪ್ಪು ಯಾವತ್ತೂ ಒಣಗೋದಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ನೀರು ಹೊರಡೋಕೆ ಯಾಕೆ ಹಿಂಜರಿಯುತ್ತೆ

ಒಂದು ಮುಚ್ಚಿದ ಡಬ್ಬದಲ್ಲಿ ಶುದ್ಧ ನೀರಿಡಿ. ಕೆಲವು ನೀರಿನ ಕಣಗಳು ಗಾಳಿಗೆ ಹಾರ್ತವೆ, ಕೆಲವು ವಾಪಸ್ ಬೀಳ್ತವೆ. ಸ್ವಲ್ಪ ಹೊತ್ತಿಗೆ ಹೋಗೋದೂ ಬರೋದೂ ಸಮ ಆಗುತ್ತೆ. ಆಗ ಗಾಳಿಯಲ್ಲಿರುವ ಆವಿ ಎಷ್ಟು ಒತ್ತುತ್ತೋ ಅದೇ ಆ ಉಷ್ಣತೆಯಲ್ಲಿ ನೀರಿನ ಆವಿಯ ಒತ್ತಡ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದು ಸುಮಾರು 32 ಮಿಲಿಮೀಟರ್ ಪಾದರಸ. ಈ ಸಂಖ್ಯೆ ನೆನಪಿಟ್ಟುಕೊಳ್ಳೋದು ಬೇಡ. ಶುದ್ಧ ನೀರಿನದ್ದನ್ನ 100 ಅಂತ ಇಟ್ಟುಕೊಳ್ಳೋಣ, ಲೆಕ್ಕ ಸುಲಭ.

ಈಗ ನೀರಿಗೆ ಉಪ್ಪು ಹಾಕಿ. ಉಪ್ಪು ಆವಿಯಾಗೋದಿಲ್ಲ. ಆದರೂ ಅದು ಇರೋದರಿಂದ ನೀರಿನ ಆವಿಯ ಒತ್ತಡ ಇಳಿಯುತ್ತೆ. ಉಪ್ಪಿನ ಕಣಗಳು ಮೇಲ್ಮೈಯಲ್ಲಿ ಜಾಗ ಹಿಡಿದು ನೀರಿನ ದಾರಿಗೆ ಅಡ್ಡ ನಿಲ್ತವೆ ಅಂತ ಎಷ್ಟೋ ಕಡೆ ಹೇಳಿಕೊಡ್ತಾರೆ. ಈ ವಿವರಣೆ ನಿಲ್ಲೋದಿಲ್ಲ. ಅಡ್ಡ ನಿಂತರೆ ಹೋಗುವವರಿಗೂ ಅಡ್ಡ, ಬರುವವರಿಗೂ ಅಡ್ಡ. ಸಮತೋಲ ಬದಲಾಗೋದೇ ಇಲ್ಲ ಅಲ್ವಾ?

ನಿಜವಾದ ಕಾರಣ ಬೆರಕೆ. ಕಣಗಳು ಬೆರೆತಾಗ ಅವು ಹರಡಿಕೊಂಡು ಇರಬಹುದಾದ ರೀತಿಗಳು ಬಹಳ ಜಾಸ್ತಿ ಆಗ್ತವೆ. ನೀರಿನ ಕಣ ಆವಿಯಾಗಿ ಹೊರಟರೆ ಆ ಬೆರಕೆ ಒಂದಿಷ್ಟು ಬಿಡಿಸಿದ ಹಾಗೆ, ಪ್ರಕೃತಿಗೆ ಅದು ನಷ್ಟದ ವ್ಯವಹಾರ. ಹಾಗಾಗಿ ಬೆರೆತ ನೀರಿಗೆ ಹೊರಡುವ ಒಲವು ಕಡಿಮೆ.

ಎಷ್ಟು ಕಡಿಮೆ? ಗ್ರೆನೋಬಲ್‌ನ ಫ್ರೆಂಚ್ ಪ್ರೊಫೆಸರ್ ಫ್ರಾಂಸ್ವಾ ರಾಊಲ್ 1880ರ ದಶಕದಲ್ಲಿ ಅಳೆದು ಅಳೆದು ಕಂಡುಕೊಂಡ ನಿಯಮ ಬಹಳ ಸರಳ. ಒಟ್ಟು ಕಣಗಳಲ್ಲಿ ನೀರಿನ ಕಣಗಳ ಪಾಲು ಎಷ್ಟೋ, ಆವಿಯ ಒತ್ತಡವೂ ಅಷ್ಟೇ ಪಾಲು. ನೂರರಲ್ಲಿ ಎರಡು ಕಣ ಬೇರೆಯವಾದರೆ 100 ಇದ್ದದ್ದು 98 ಆಗುತ್ತೆ. ಆ ಎರಡು ಕಣ ಯಾವುದರದ್ದು ಅನ್ನೋದು ಮುಖ್ಯ ಅಲ್ಲ, ತಲೆ ಎಣಿಕೆ ಮಾತ್ರ ಮುಖ್ಯ. ಹೀಗೆ ತಲೆ ಎಣಿಕೆಯನ್ನೇ ನಂಬಿದ ಗುಣಗಳಿಗೆ ಕೊಲಿಗೇಟಿವ್ ಗುಣಗಳು ಅಂತ ಹೆಸರು.

ಸಮುದ್ರದ ನೀರನ್ನ ಎಣಿಸೋಣ. ಒಂದು ಕಿಲೋದಲ್ಲಿ ಸುಮಾರು 35 ಗ್ರಾಂ ಉಪ್ಪು. ಉಪ್ಪಿನ ಪ್ರತಿ ಘಟಕ ನೀರಲ್ಲಿ ಸೋಡಿಯಂ, ಕ್ಲೋರೈಡ್ ಅಂತ ಎರಡಾಗಿ ಒಡೆಯುತ್ತೆ. ಹಾಗಾಗಿ 0.6 ಮೋಲ್ ಉಪ್ಪು 1.2 ಮೋಲ್ ಕಣ ಆಗುತ್ತೆ. ನೀರು ಸುಮಾರು 53.6 ಮೋಲ್. ನೀರಿನ ಪಾಲು ನೂರಕ್ಕೆ 98. ಅಳೆದರೂ 98ರ ಆಸುಪಾಸೇ ಬರುತ್ತೆ. ಸಕ್ಕರೆಯಲ್ಲಿ ಇದೇ ಪರಿಣಾಮ ಬೇಕಾದರೆ ಲೀಟರ್ ನೀರಿಗೆ ಹೆಚ್ಚುಕಡಿಮೆ 360 ಗ್ರಾಂ ಸುರಿಯಬೇಕು. ಯಾಕಂದ್ರೆ ಸಕ್ಕರೆಯ ಅಣು ಭಾರ, ಮೇಲಾಗಿ ಅದು ಒಡೆಯೋದಿಲ್ಲ.

ಈಗ ಹರಳು ಕೂರುವ ಹಂತದ ನೀರು. ಇನ್ನು ಉಪ್ಪು ಕರಗೋದಿಲ್ಲ ಅನ್ನುವಷ್ಟು ತುಂಬಿದೆ, ಒಂದು ಲೀಟರ್ ನೀರಿಗೆ ಸುಮಾರು 360 ಗ್ರಾಂ. ತಲೆ ಎಣಿಸಿದರೆ ನೀರಿನ ಪಾಲು 82. ಆದರೆ ಅಳೆದರೆ ಬರೋದು 75! ರಾಊಲ್ ನಿಯಮ ಇಲ್ಲಿ ಸೋಲುತ್ತೆ. ಇಷ್ಟು ಗಟ್ಟಿಯಾದ ದ್ರಾವಣದಲ್ಲಿ ವಿದ್ಯುದಂಶ ಇರುವ ಉಪ್ಪಿನ ಕಣಗಳು ಸುತ್ತಲಿನ ನೀರನ್ನ ಬಿಗಿಯಾಗಿ ಹಿಡಿದಿಟ್ಟುಕೊಳ್ತವೆ, ಸ್ವತಂತ್ರವಾಗಿ ಓಡಾಡುವ ನೀರು ಇನ್ನೂ ಕಡಿಮೆ. ತಲೆ ಎಣಿಕೆ ನಂಬಿಕೆಗೆ ಅರ್ಹ ಆಗೋದು ತೆಳು ದ್ರಾವಣದಲ್ಲಿ ಮಾತ್ರ. ಗಟ್ಟಿ ದ್ರಾವಣಕ್ಕೆ ಅಳೆದ ಸಂಖ್ಯೆಯೇ ಗತಿ. ನಮ್ಮ ಸಂಖ್ಯೆ 75.

ಕಾಲು ಭಾಗ ಇಳಿದರೆ ಅರ್ಧಕ್ಕಿಂತ ಹೆಚ್ಚು ನಷ್ಟ

100 ಇದ್ದದ್ದು 75 ಆಯಿತು, ಆರುವ ವೇಗವೂ ಕಾಲು ಭಾಗ ಇಳಿಯಬಹುದು ಅಂದುಕೊಳ್ತೀರಿ. ಇಲ್ಲ. ಗಾಳಿಯಲ್ಲೂ ಆವಿ ಇದೆ, ಅದು ವಾಪಸ್ ಬರ್ತಾನೇ ಇರುತ್ತೆ. ಆರುವ ವೇಗ ನಿಂತಿರೋದು ನೀರಿನ ಒತ್ತಡದಲ್ಲಿ ಗಾಳಿಯ ಆವಿಯ ಒತ್ತಡ ಕಳೆದು ಉಳಿದದ್ದರ ಮೇಲೆ.

ಬೇಸಿಗೆಯ ಒಂದು ಮಧ್ಯಾಹ್ನ, ಗಾಳಿಯ ತೇವಾಂಶ ನೂರಕ್ಕೆ 60 ಅಂತ ಇಟ್ಟುಕೊಳ್ಳಿ. ನೀರೂ ಗಾಳಿಯೂ ಒಂದೇ ಉಷ್ಣತೆಯಲ್ಲಿವೆ. ಶುದ್ಧ ನೀರಿಗೆ 100ರಲ್ಲಿ 60 ಹೋಗಿ 40 ಉಳಿಯಿತು. ಸಮುದ್ರದ ನೀರಿಗೆ 98ರಲ್ಲಿ 60 ಹೋಗಿ 38. ತುಂಬಿದ ಉಪ್ಪುನೀರಿಗೆ 75ರಲ್ಲಿ 60 ಹೋಗಿ ಬರೀ 15!

ಇದು ನಮಗೆ ಚೆನ್ನಾಗಿ ಗೊತ್ತಿರುವ ಲೆಕ್ಕವೇ. ಸಂಬಳ 100, ಮನೆ ಸಾಲದ ಕಂತು 60. ಕೈಗೆ ಉಳಿಯೋದು 40. ಸಂಬಳ ಕಾಲು ಭಾಗ ಕಡಿತ ಆಯಿತು, ಕಂತು ಹಾಗೇ ಇದೆ. ಕೈಗೆ ಉಳಿಯೋದು 15. ಸಂಬಳ ಇಳಿದದ್ದು ಕಾಲು ಭಾಗ, ಮನೆ ಖರ್ಚಿನ ದುಡ್ಡು ಇಳಿದದ್ದು ಅರ್ಧಕ್ಕಿಂತ ಹೆಚ್ಚು. ಗಾಳಿಯ ತೇವಾಂಶ ಆಗರದವರ ಕಂತು.

ಆ ಕಂತು 75ಕ್ಕೆ ಏರಿತು ಅಂದ್ರೆ? ಉಳಿಯೋದು ಸೊನ್ನೆ. ತುಂಬಿದ ಉಪ್ಪುನೀರು ಆರೋದು ನಿಂತೇಹೋಯಿತು. 80, 85ಕ್ಕೆ ಹೋದರೆ ಮಡಿ ಗಾಳಿಯಿಂದಲೇ ನೀರು ಕುಡಿಯುತ್ತೆ, ಕೂತ ಉಪ್ಪು ಕರಗುತ್ತೆ. ಕರಾವಳಿಯಲ್ಲಿ ರಾತ್ರಿ ಇಷ್ಟು ತೇವಾಂಶ ಏರೋದು ಸಾಮಾನ್ಯ. ಹಾಗಾಗಿ ಕೊನೆಯ ಮಡಿಗಳಲ್ಲಿ ಹಗಲು ದುಡಿದದ್ದರಲ್ಲಿ ಒಂದಿಷ್ಟನ್ನ ರಾತ್ರಿ ವಾಪಸ್ ಕೊಡಬೇಕಾಗುತ್ತೆ. ಜೂನ್ ತಿಂಗಳಲ್ಲಿ ಮಳೆ ಹನಿ ಬೀಳುವ ಮೊದಲೇ, ಮೋಡ ಕವಿದು ಗಾಳಿ ಒದ್ದೆಯಾದ ದಿನವೇ ಉಪ್ಪಿನ ಕಾಲ ಮುಗಿಯಿತು ಅಂತ ಲೆಕ್ಕ.

ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಇದೆ. ಆರುವಿಕೆಯೇ ನೀರನ್ನ ತಂಪಾಗಿಡುತ್ತೆ. ಆರೋದು ಕಡಿಮೆಯಾದಾಗ ಗಟ್ಟಿ ಉಪ್ಪುನೀರು ಬಿಸಿಲಿಗೆ ಹೆಚ್ಚು ಕಾಯುತ್ತೆ, ಕಾದಾಗ ಆವಿಯ ಒತ್ತಡ ಸ್ವಲ್ಪ ಮೇಲೇರುತ್ತೆ. ಅದರಿಂದ ಹಗಲಿನ ನಷ್ಟ 40ರಿಂದ 15ರಷ್ಟು ಕಡಿದಾಗಿ ಇರೋದಿಲ್ಲ. ಬಿಸಿಲಿಲ್ಲದ ಹೊತ್ತಿನಲ್ಲಿ ಮಾತ್ರ ಈ ಲೆಕ್ಕ ಹತ್ತಿರ ಹತ್ತಿರ ಸರಿ.

ಈಗ ಕಹಿನೀರಿನ ವಿಷಯ. ಅದರಲ್ಲಿ ತುಂಬಿಕೊಂಡಿರೋದು ಮೆಗ್ನೀಷಿಯಂ ಕ್ಲೋರೈಡ್. ಅದು ಒಡೆದಾಗ ಮೂರು ಕಣ, ಜೊತೆಗೆ ಮೆಗ್ನೀಷಿಯಂ ನೀರನ್ನ ಇನ್ನೂ ಬಿಗಿಯಾಗಿ ಹಿಡಿಯುತ್ತೆ. ಅದರ ತುಂಬಿದ ದ್ರಾವಣದ ಸಂಖ್ಯೆ ಸುಮಾರು 33. ಗಾಳಿಯ ತೇವಾಂಶ 33ಕ್ಕಿಂತ ಕೆಳಗೆ ಇಳಿದರೆ ಮಾತ್ರ ಅದು ಒಣಗೀತು. ಕರಾವಳಿಯಲ್ಲಿ ಅಂಥ ದಿನ ಎಷ್ಟು ಸಿಗುತ್ತೆ ಹೇಳಿ! ಕಹಿನೀರು ಬಿಡೋದು ತಡ ಆಗಿ ಅದು ಹರಳಿಗೆ ಅಂಟಿಕೊಂಡರೆ ಆ ಉಪ್ಪು ಮೂಟೆಯಲ್ಲೂ ಒದ್ದೆ, ಅಂಗಡಿಯಲ್ಲೂ ಒದ್ದೆ. ಇದಕ್ಕೇ ಕೆರೆದ ಉಪ್ಪನ್ನ ಕೂಡಲೇ ಮೂಟೆ ಕಟ್ಟದೆ ರಾಶಿ ಹಾಕಿ ಬಿಡೋದು, ಕಹಿನೀರು ತಾನಾಗಿ ಕೆಳಗೆ ಇಳಿದುಹೋಗಲಿ ಅಂತ. ತೊಳೆಯೋದಾದರೆ ಸಿಹಿನೀರಲ್ಲಿ ಅಲ್ಲ, ತುಂಬಿದ ಉಪ್ಪುನೀರಲ್ಲೇ ತೊಳೀತಾರೆ. ಅದರಲ್ಲಿ ಕಹಿ ಕರಗುತ್ತೆ, ಉಪ್ಪು ಕರಗೋಕೆ ಜಾಗವೇ ಇರೋದಿಲ್ಲ.

ಅಡುಗೆಮನೆಯ ಕಲ್ಲುಪ್ಪಿನ ಭರಣಿ ಚಳಿಗಾಲದಲ್ಲೂ ತೇವ ತೇವ ಅನ್ನಿಸಿದರೆ ಅದು ಮೆಗ್ನೀಷಿಯಂ ಕೆಲಸ ಅಂತ ಊಹಿಸಬಹುದು. ಶುದ್ಧ ಪುಡಿ ಉಪ್ಪು ಜುಲೈನಲ್ಲಿ ಮಾತ್ರ ಒದ್ದೆಯಾಗುತ್ತೆ, ಗಾಳಿ 75 ದಾಟಿದಾಗ. ಪ್ಯಾಕೆಟ್ ಉಪ್ಪಿಗೆ ಗಂಟು ಕಟ್ಟದ ಹಾಗೆ ಬೆರೆಸುವ ಪುಡಿ ಈ 75ನ್ನ ಬದಲಾಯಿಸೋದಿಲ್ಲ, ಕಾಳುಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತೆ ಅಷ್ಟೆ.

ಒಂದೇ ನಷ್ಟ, ತುಂಬಿಸಲು ಮೂರು ದಾರಿ

ಪಿಯುಸಿ ಮಕ್ಕಳು ಈ ಪಾಠದಲ್ಲಿ ನಾಲ್ಕು ಸೂತ್ರ ಬಾಯಿಪಾಠ ಮಾಡ್ತಾರೆ: ಆವಿಯ ಒತ್ತಡದ ಇಳಿಕೆ, ಕುದಿಬಿಂದುವಿನ ಏರಿಕೆ, ಹೆಪ್ಪುಗಟ್ಟುವ ಬಿಂದುವಿನ ಇಳಿಕೆ, ಅಭಿಸರಣ ಒತ್ತಡ. ನಾಲ್ಕು ಬೇರೆ ಬೇರೆ ಸಂಗತಿ ಅಂದುಕೊಳ್ತಾರೆ. ಇರೋದು ಒಂದೇ ಸಂಗತಿ: ಉಪ್ಪು ಸೇರಿದ ನೀರಿಗೆ ಹೊರಡುವ ಒಲವು ಕಡಿಮೆ. ಉಳಿದ ಮೂರೂ ಆ ನಷ್ಟದ ಲೆಕ್ಕವನ್ನ ಸರಿದೂಗಿಸುವ ದಾರಿಗಳು.

ಮೊದಲನೇ ದಾರಿ, ಕಾಯಿಸೋದು. ನೀರಿನ ಆವಿಯ ಒತ್ತಡ ಹೊರಗಿನ ವಾಯುವಿನ ಒತ್ತಡಕ್ಕೆ, ಅಂದ್ರೆ 760 ಮಿಲಿಮೀಟರಿಗೆ ಸಮ ಆದಾಗ ನೀರು ಕುದಿಯುತ್ತೆ. ತುಂಬಿದ ಉಪ್ಪುನೀರಿನದ್ದು ಯಾವಾಗಲೂ ಶುದ್ಧ ನೀರಿನದ್ದರ ಮುಕ್ಕಾಲು. ಆ ಮುಕ್ಕಾಲು 760 ಆಗಬೇಕಾದರೆ ಪೂರ್ತಿ ಸುಮಾರು 1013 ಆಗಿರಬೇಕು. ಶುದ್ಧ ನೀರು 1013 ಮುಟ್ಟೋದು 108 ಡಿಗ್ರಿ ದಾಟಿದ ಮೇಲೆ. ತುಂಬಿದ ಉಪ್ಪುನೀರು ನಿಜವಾಗಿ ಕುದಿಯೋದು ಸುಮಾರು 108.7ರಲ್ಲಿ. ಬೇರೆ ಸೂತ್ರ ಬೇಕಾಗಲೇ ಇಲ್ಲ ನೋಡಿ!

ಬೇಳೆಗೆ ಮೊದಲೇ ಉಪ್ಪು ಹಾಕಿದರೆ ಕುದಿ ಜೋರಾಗಿ ಬೇಗ ಬೇಯುತ್ತೆ ಅಂತ ಕೆಲವರು ಹೇಳ್ತಾರೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿದರೆ ಕುದಿಬಿಂದು ಏರೋದು 0.1 ಡಿಗ್ರಿ. ಅದರಿಂದ ಬೇಳೆಗೆ ಏನೂ ಆಗೋದಿಲ್ಲ. ಇವಾಪೊರೇಟರ್‌ನಲ್ಲಿ ಮಾತ್ರ ಈ ಏರಿಕೆಯನ್ನ ಮರೆಯೋ ಹಾಗಿಲ್ಲ. ಅಲ್ಲಿ ಬಿಸಿ ಕೊಡುವ ಹಬೆ 110 ಡಿಗ್ರಿ ಇದೆ, ಒಳಗಿನ ಉಪ್ಪುನೀರು 108.7ರಲ್ಲಿ ಕುದೀಬೇಕು ಅಂದ್ರೆ ಬಿಸಿ ಹರಿಯೋಕೆ ಉಳಿದ ಅಂತರ ಬರೀ 1.3 ಡಿಗ್ರಿ. ಶುದ್ಧ ನೀರಿನ ಲೆಕ್ಕದಲ್ಲಿ 10 ಡಿಗ್ರಿ ಇದೆ ಅಂತ ನಂಬಿ ಕಟ್ಟಿದ ಯಂತ್ರ ನೀರನ್ನ ಬಿಸಿ ಮಾಡುತ್ತೆ, ಆರಿಸೋದಿಲ್ಲ. ಇಲ್ಲೂ ಮತ್ತೆ ಸಂಬಳ ಮತ್ತು ಕಂತಿನ ಕಥೆಯೇ.

ಎರಡನೇ ದಾರಿ, ತಣಿಸೋದು. ಮಂಜುಗಡ್ಡೆಯೂ ಆವಿ ಬಿಡುತ್ತೆ, ಅದಕ್ಕೂ ಆವಿಯ ಒತ್ತಡ ಇದೆ. 0 ಡಿಗ್ರಿಯಲ್ಲಿ ನೀರಿನದ್ದೂ ಮಂಜಿನದ್ದೂ ಸಮ, ಅದಕ್ಕೇ ಎರಡೂ ಜೊತೆಗೆ ಇರಬಲ್ಲವು. ಅದಕ್ಕಿಂತ ಕೆಳಗೆ ಹೋದರೆ ಮಂಜಿನದ್ದು ದ್ರವ ನೀರಿನದ್ದಕ್ಕಿಂತ ಬೇಗ ಇಳಿಯುತ್ತೆ. ಮೈನಸ್ 1.9 ಡಿಗ್ರಿಯಲ್ಲಿ ಅದು ದ್ರವ ನೀರಿನದ್ದರ ನೂರಕ್ಕೆ 98. ಸಮುದ್ರದ ನೀರಿನ ಸಂಖ್ಯೆಯೂ 98 ಅಲ್ವಾ? ಸಮುದ್ರ ಹೆಪ್ಪುಗಟ್ಟೋದು ಸರಿಯಾಗಿ ಅಲ್ಲೇ, ಮೈನಸ್ 1.9ರಲ್ಲಿ. ಮಂಜಿನ ಒಳಗೆ ಉಪ್ಪಿಗೆ ಜಾಗ ಇಲ್ಲ, ಹಾಗಾಗಿ ಮಂಜಿನ ಒತ್ತಡ ಬದಲಾಗೋದಿಲ್ಲ. ನಷ್ಟ ದ್ರಾವಣಕ್ಕೆ ಮಾತ್ರ. ಇಬ್ಬರೂ ಮತ್ತೆ ಸಮ ಆಗುವ ಜಾಗ ಕೆಳಗೆ ಸರಿಯುತ್ತೆ.

ಕುಲ್ಫಿ ಮಾಡೋರು ಮಂಜಿನ ಚೂರಿಗೆ ಕಲ್ಲುಪ್ಪು ಸುರಿಯೋದು ಇದಕ್ಕೇ. ಉಪ್ಪುನೀರಿನ ಜೊತೆ 0 ಡಿಗ್ರಿಯಲ್ಲಿ ಮಂಜು ಉಳಿಯಲಾರದು, ಕರಗುತ್ತೆ. ಕರಗೋಕೆ ಬೇಕಾದ ಬಿಸಿಯನ್ನ ಸುತ್ತಲಿಂದ ಎಳೆದುಕೊಂಡು ಇಡೀ ಮಿಶ್ರಣ ತಣ್ಣಗಾಗುತ್ತೆ. ನಮ್ಮ ಉಪ್ಪು ಇಳಿಸಬಲ್ಲ ಕೊನೆಯ ಮಿತಿ ಮೈನಸ್ 21 ಡಿಗ್ರಿ. ಅದರ ಕೆಳಗೆ ಉಪ್ಪೂ ನೀರೂ ಎರಡೂ ಗಟ್ಟಿ.

ಮೂರನೇ ದಾರಿ, ಒತ್ತೋದು. ದ್ರವವನ್ನ ಜೋರಾಗಿ ಒತ್ತಿದರೆ ಅದರ ಕಣಗಳಿಗೆ ಹೊರಡುವ ಒಲವು ಹೆಚ್ಚುತ್ತೆ. ನೀರನ್ನ ಬಿಟ್ಟು ಉಪ್ಪನ್ನ ತಡೆಯುವ ಪೊರೆಯ ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಉಪ್ಪುನೀರು ಇಟ್ಟರೆ ಒಲವು ಹೆಚ್ಚಿರುವ ಸಿಹಿನೀರು ಉಪ್ಪಿನ ಕಡೆಗೆ ಹರಿಯುತ್ತೆ. ಇದನ್ನ ನಿಲ್ಲಿಸಲು ಉಪ್ಪಿನ ಕಡೆ ಹಾಕಬೇಕಾದ ಒತ್ತಡವೇ ಅಭಿಸರಣ ಒತ್ತಡ. ಸಮುದ್ರದ ನೀರು ಕಳೆದುಕೊಂಡ 2 ಅಂಶವನ್ನ ಮರಳಿ ಗಳಿಸಲು ಸುಮಾರು 26, 27 ಬಾರ್ ಬೇಕು, ಕಾರಿನ ಟೈರಿನ ಗಾಳಿಗಿಂತ ಹತ್ತು ಪಟ್ಟಿಗೂ ಜಾಸ್ತಿ. ತುಂಬಿದ ಉಪ್ಪುನೀರಿನ 25 ಅಂಶಕ್ಕೆ ಸುಮಾರು 390 ಬಾರ್! ನಮ್ಮ ಸೊಸೈಟಿಗಳ ಬೋರ್‌ವೆಲ್ ನೀರಿನಲ್ಲಿ ಲವಣ ಬಹಳ ಕಡಿಮೆ, ಹಾಗಾಗಿ ಮನೆಯ ಆರ್‌ಓ ಪಂಪಿನ ನಾಲ್ಕಾರು ಬಾರ್ ಸಾಕಾಗುತ್ತೆ. ಸಮುದ್ರದ ನೀರು ಸಿಹಿ ಮಾಡುವ ಘಟಕಕ್ಕೆ 50 ಬಾರ್ ದಾಟಿದ ಪಂಪು ಬೇಕು. ಉಪ್ಪಿನ ಹರಳು ಕೂರುವ ತನಕ ಪೊರೆಯಿಂದ ನೀರು ತೆಗೆಯೋಕೆ ಹೋದರೆ ಪೊರೆಯೂ ಉಳಿಯೋದಿಲ್ಲ, ಕರೆಂಟ್ ಬಿಲ್ಲೂ ಕಟ್ಟೋಕಾಗೋದಿಲ್ಲ. ಅಲ್ಲಿ ಬಿಸಿಲೇ ಬೇಕು, ಇಲ್ಲಾ ಹಬೆ.

ಊರಿಂದ ಬರುವ ಮಿಡಿ ಉಪ್ಪಿನಕಾಯಿ ಕೆಡದೆ ಇರೋದೂ ಇದೇ ಒತ್ತಡದಿಂದ. ತುಂಬಿದ ಉಪ್ಪುನೀರಿನಲ್ಲಿ ಬಿದ್ದ ಬ್ಯಾಕ್ಟೀರಿಯಾದ ಒಳಗಿನ ನೀರು ಹೊರಗೆ ಹರಿಯುತ್ತೆ. ಆಹಾರ ಕೆಡಿಸುವ ಹೆಚ್ಚಿನ ಬ್ಯಾಕ್ಟೀರಿಯಾಗಳು ನಮ್ಮ ಸಂಖ್ಯೆ 90ಕ್ಕೆ ಇಳಿಯುವಾಗಲೇ ಬೆಳೆಯೋದು ನಿಲ್ಲಿಸ್ತವೆ. ಒದ್ದೆ ಚಮಚ ಹಾಕಬೇಡ ಅಂತ ಅಮ್ಮ ಬೈಯೋದು ಯಾಕೆ ಗೊತ್ತಾಯ್ತಾ? ಆ ನೀರಿನ ಹನಿ ಬಿದ್ದ ಜಾಗದಲ್ಲಿ ಸಂಖ್ಯೆ ಮೇಲೇರುತ್ತೆ, ಅಲ್ಲೇ ಬೂಸ್ಟು ಶುರು.

ಮನೆಯಲ್ಲೇ ಪರೀಕ್ಷೆ ಮಾಡಿ

ಈ 75ನ್ನ ನನ್ನ ಮಾತಿನ ಮೇಲೆ ನಂಬಬೇಡಿ. ಆನ್‌ಲೈನ್‌ನಲ್ಲಿ ಸಿಗುವ ಪುಟ್ಟ ಡಿಜಿಟಲ್ ತೇವಾಂಶ ಮಾಪಕ ಇದ್ದರೆ ಸಾಕು. ಕ್ಯಾಮೆರಾ ಲೆನ್ಸ್, ವೀಣೆ, ಗಿಟಾರ್ ಇಟ್ಟುಕೊಂಡವರ ಹತ್ತಿರ ಇದ್ದೇ ಇರುತ್ತೆ. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಮಾತ್ರ ನೀರು ಹನಿಸಿ. ಪೂರ್ತಿ ಕರಗಬಾರದು, ಕರಗದ ಉಪ್ಪು ಕಾಣ್ತಾ ಇರಬೇಕು. ಮುಚ್ಚಳವನ್ನೂ ಮಾಪಕವನ್ನೂ ಒಂದಕ್ಕೊಂದು ತಾಗದ ಹಾಗೆ ಗಾಳಿ ಆಡದ ಡಬ್ಬದಲ್ಲಿಟ್ಟು ಒಂದು ರಾತ್ರಿ ಬಿಡಿ.

ಬೆಳಿಗ್ಗೆ ಮಾಪಕ 75 ತೋರಿಸಬೇಕು. ಮನೆಯ ಉಷ್ಣತೆ 20 ಇರಲಿ, 30 ಇರಲಿ, ಅರ್ಧ ಅಂಶದಷ್ಟೂ ಬದಲಾಗೋದಿಲ್ಲ. ಡಬ್ಬದ ಗಾಳಿ ಒಣಗಿದ್ದರೆ ಉಪ್ಪಿನ ಮುದ್ದೆ ಆವಿ ಕೊಡುತ್ತೆ, ಒದ್ದೆಯಿದ್ದರೆ ಹೀರುತ್ತೆ, ಕರಗದ ಉಪ್ಪು ಉಳಿದಿರುವ ತನಕ 75ರಲ್ಲೇ ನಿಲ್ಲಿಸುತ್ತೆ. ಮಾಪಕ 71 ತೋರಿಸಿದರೆ ತಪ್ಪು ಮಾಪಕದ್ದು, 4 ಕೂಡಿಸಿಕೊಂಡು ಓದಿ. 80 ದಾಟಿ ತೋರಿಸಿದರೆ ಮೊದಲು ಮುಚ್ಚಳ ನೋಡಿ, ನೀರು ಜಾಸ್ತಿಯಾಗಿ ಉಪ್ಪೆಲ್ಲ ಕರಗಿರಬಹುದು. ಇದೇ ಪರೀಕ್ಷೆ ಕಲ್ಲುಪ್ಪಿನಲ್ಲಿ ಮಾಡಿ ಮಾಪಕ 75ಕ್ಕಿಂತ ಕೆಳಗೆ ನಿಂತರೆ, ಆ ಉಪ್ಪಿನಲ್ಲಿ ಕಹಿನೀರು ಉಳಿದಿದೆ ಅಂತ ಸಂಶಯ ಪಡಬಹುದು.

ಮಾಪಕ ಸರಿಹೋದ ಮೇಲೆ ಅದನ್ನ ಬಾಲ್ಕನಿಯಲ್ಲಿ ಇಟ್ಟು ರಾತ್ರಿ ಹತ್ತಕ್ಕೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ ಓದಿ. 75ರ ಕೆಳಗೆ ಇರುವ ಪ್ರತಿ ಗಂಟೆ ಆಗರದಲ್ಲಿ ಉಪ್ಪು ಕೂರುವ ಗಂಟೆ, ಮೇಲೆ ಇರುವ ಪ್ರತಿ ಗಂಟೆ ಕರಗುವ ಗಂಟೆ. ನಿಮ್ಮ ಮನೆಯಲ್ಲಿ ಎಷ್ಟು ಬಂತು ಅಂತ ಕಾಮೆಂಟ್‌ನಲ್ಲಿ ಬರೀರಿ. ಡೊಂಬಿವಲಿ, ಐರೋಲಿ, ಕಲ್ಯಾಣ್ ಸಂಖ್ಯೆಗಳನ್ನ ಪಕ್ಕಪಕ್ಕ ಇಟ್ಟು ನೋಡೋಣ.